ಐದನೆಯ ತಾರೀಖೋ, ಆರನೆಯ ತಾರೀಖೋ?

ವಿದೇಶದ ಪ್ರಧಾನ ಕಚೇರಿಯಿಂದ ಏಪ್ರಿಲ್‌ನಲ್ಲಿ ಬಂದ ಇಂಗ್ಲಿಷ್ ಸುತ್ತೋಲೆಯಲ್ಲಿ, ಸಿಬ್ಬಂದಿ ತಮ್ಮ ಘೋಷಣಾ ಪತ್ರವನ್ನು ‘ಬೈ 05/06/2025’ ಸಲ್ಲಿಸಬೇಕೆಂದಿತ್ತು. ನಮ್ಮ ರೂಢಿಯಂತೆ ಅದು ಜೂನ್ 5; ಅಮೆರಿಕದ ರೂಢಿಯಂತೆ ಮೇ 6. ಎರಡೂ ಮುಂದಿನ ದಿನಗಳೇ ಆದ್ದರಿಂದ ಊಹೆಗೆ ಆಧಾರವಿರಲಿಲ್ಲ. ವಿಚಾರಿಸಿದಾಗ, ‘ಇದ್ದುದನ್ನು ಇದ್ದಂತೆ ಅನುವಾದಿಸಿ’ ಎಂಬ ಉತ್ತರ ಬಂತು. ಇದ್ದುದೇನೆಂಬುದೇ ತಾನೇ ನನ್ನ ಪ್ರಶ್ನೆ!

ಕೊನೆಗೆ ಜೂನ್ ಎಂದು ಖಚಿತವಾದ ಮೇಲೆ ‘05-06-2025ರೊಳಗೆ’ ಎಂದು ಬರೆದರೆ, ಐದರಂದು ಕೊಡಬಹುದೇ ಅಥವಾ ನಾಲ್ಕಕ್ಕೇ ಮುಗಿಯುತ್ತದೆಯೇ ಎಂಬ ಹೊಸ ಗೊಂದಲ. ‘ಅಂದು ಅಥವಾ ಅದಕ್ಕೂ ಮುನ್ನ’ ಎಂಬುದು ನಿಖರವಾದರೂ ಓದುವಾಗ ಮುಗ್ಗರಿಸುತ್ತದೆ. ಆದ್ದರಿಂದ, ‘ಘೋಷಣಾ ಪತ್ರವನ್ನು 2025ರ ಜೂನ್ 5, ಗುರುವಾರ ಸಂಜೆ 5.30ರೊಳಗೆ ಸಲ್ಲಿಸತಕ್ಕದ್ದು’ ಎಂದು ಬರೆದೆ. ಗಂಟೆ ನಮೂದಿಸಿದೊಡನೆ ಐದನೆಯ ತಾರೀಖು ಸೇರಿದೆಯೆಂಬುದು ಸ್ಪಷ್ಟ, ವಾರದ ಹೆಸರಿದ್ದರೆ ತಿಂಗಳು ಅದಲುಬದಲಾದದ್ದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಮೇ 6 ಮಂಗಳವಾರ.

ಪರಿಶೀಲಿಸಿದ ಅಧಿಕಾರಿಗಳು ‘ತಕ್ಕದ್ದು’ ಒರಟಾಯಿತೆಂದು ‘ಸಲ್ಲಿಸಲು ಕೋರಲಾಗಿದೆ’ ಎಂದು ತಿದ್ದಿದರು, ಕಡ್ಡಾಯವು ವಿನಂತಿಯಾಯಿತು. ಜೊತೆಗೆ, ಜಾಗ ಉಳಿಸಲೆಂದು ದಿನಾಂಕವನ್ನು ಮತ್ತೆ 05/06/2025 ಮಾಡಿದರು.