ವಯಸ್ಸಿನ ಲೆಕ್ಕ ಬೇರೆ, ದುಡಿಯುವವರ ಲೆಕ್ಕ ಬೇರೆ

"ಕೇರಳಕ್ಕೆ ವಯಸ್ಸಾಯ್ತು, ಬಿಹಾರದಲ್ಲಿ ಯುವಕರು ತುಂಬಿದ್ದಾರೆ, ಮುಂದಿನ ದುಡಿಯುವ ಕೈಗಳೆಲ್ಲ ಅಲ್ಲೇ." ಈ ಮಾತು ನನ್ನ ಟೈಮ್‌ಲೈನಿನಲ್ಲಿ ಪದೇ ಪದೇ ಬರುತ್ತದೆ. ಜೊತೆಗೆ ಡಿಪೆಂಡೆನ್ಸಿ ರೇಷಿಯೋ ಅಂತ ಒಂದು ಅಂಕಿ. ಪಠ್ಯಪುಸ್ತಕದಲ್ಲಿ ಇದಕ್ಕೆ ಅವಲಂಬನಾ ಅನುಪಾತ ಅಂತಾರೆ. ಅಂಕಿ ತಪ್ಪಿರುವುದಿಲ್ಲ. ಅದರಿಂದ ಎಳೆಯುವ ತೀರ್ಮಾನ ಮಾತ್ರ ಬಹಳ ಸಲ ತಪ್ಪು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲೆಕ್ಕ ಸುಲಭ. ಜನರನ್ನು ವಯಸ್ಸಿನ ಪ್ರಕಾರ ಮೂರು ಗುಂಪು ಮಾಡಬೇಕು. 14ರವರೆಗಿನ ಮಕ್ಕಳು, 15ರಿಂದ 59ರವರು, 60 ದಾಟಿದವರು. ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿ, ನಡುವಿನ ಗುಂಪಿನಿಂದ ಭಾಗಿಸಿ, 100ರಿಂದ ಗುಣಿಸಿದರೆ ಆಯ್ತು. ದುಡಿಯುವ ವಯಸ್ಸಿನ 100 ಜನರಿಗೆ ಆಚೀಚೆ ಎಷ್ಟು ಜನ ಇದ್ದಾರೆ ಅನ್ನುವುದೇ ಉತ್ತರ. ವಿಶ್ವಸಂಸ್ಥೆಯ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ಗೆರೆ 65ಕ್ಕೆ ಬೀಳುತ್ತದೆ, ನಮ್ಮ ಸರ್ಕಾರಿ ವರದಿಗಳಲ್ಲಿ 60ಕ್ಕೆ. ಹಾಗಾಗಿ ಒಂದು ಕಡೆಯ ಅಂಕಿ ತಂದು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡಿ. ದೇಶ ಅದೇ, ಜನ ಅವರೇ, ಆದರೂ ಅನುಪಾತ ಬೇರೆ ಬರುತ್ತದೆ.

ಈಗ ನಿಜವಾದ ಅಂಕಿ ಹಾಕೋಣ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಆದ್ದರಿಂದ ಎಣಿಸಿದ ಲೆಕ್ಕ ಬೇಕೆಂದರೆ 2011ಕ್ಕೇ ಹೋಗಬೇಕು. ಆಗ ಕೇರಳದಲ್ಲಿ ನೂರಕ್ಕೆ 23.4 ಮಕ್ಕಳು, 12.6 ಹಿರಿಯರು. ಉಳಿದದ್ದು 64. ಮಕ್ಕಳು, ಹಿರಿಯರು ಸೇರಿ 36. ಅದನ್ನು 64ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 56. ಬಿಹಾರದಲ್ಲಿ ಮಕ್ಕಳು 40.1, ಹಿರಿಯರು 7.4, ಉಳಿದವರು 52.5. ಅನುಪಾತ ಸುಮಾರು 90.

ಇಲ್ಲೇ ಮೊದಲ ಆಶ್ಚರ್ಯ. "ವಯಸ್ಸಾದ" ಕೇರಳದ ಹೊರೆ 56, "ಯುವ" ಬಿಹಾರದ ಹೊರೆ 90! ಯಾಕೆಂದರೆ ಬಿಹಾರದಲ್ಲಿ ತುಂಬಿದ್ದವರು ಯುವಕರಿಗಿಂತ ಮೊದಲು ಮಕ್ಕಳು. ಹಾಗಾಗಿ ಈ ಅನುಪಾತವನ್ನು ಒಡೆದೇ ನೋಡಬೇಕು ಅಂತ ನನ್ನ ಹಠ. ಬಿಹಾರದ 90ರಲ್ಲಿ ಸುಮಾರು 76 ಮಕ್ಕಳ ಪಾಲು, 14 ಹಿರಿಯರದು. ಕೇರಳದ 56ರಲ್ಲಿ ಸುಮಾರು 36 ಮಕ್ಕಳದು, 20 ಹಿರಿಯರದು. ಮಕ್ಕಳ ಪಾಲು ಅಂದರೆ ಶಾಲೆ, ಲಸಿಕೆ, ಬಿಸಿಯೂಟದ ಖರ್ಚು. ಹಿರಿಯರ ಪಾಲು ಅಂದರೆ ಪಿಂಚಣಿ, ಬಿಪಿ-ಶುಗರ್ ಮಾತ್ರೆ, ನೋಡಿಕೊಳ್ಳುವವರು ಯಾರು ಅನ್ನೋ ಪ್ರಶ್ನೆ. ಎರಡೂ ಖರ್ಚೇ, ಆದರೆ ದಿಕ್ಕು ಬೇರೆ. 2011ರಲ್ಲಿ ಬಿಹಾರದ ಲೆಕ್ಕದಲ್ಲಿ "ಅವಲಂಬಿತರು" ಆಗಿದ್ದ ಮಕ್ಕಳೆಲ್ಲ 2026ರ ಹೊತ್ತಿಗೆ 15ರಿಂದ 29ರ ಗುಂಪಿಗೆ ಬಂದಿರುತ್ತಾರೆ. ಕೇರಳದಲ್ಲಿ ಆಗ 45ರಿಂದ 59 ಇದ್ದವರೆಲ್ಲ ಅಷ್ಟರಲ್ಲಿ 60 ದಾಟಿರುತ್ತಾರೆ. ಒಂದೊಂದು ಗುಂಪನ್ನೂ ಹೀಗೆ 15 ವರ್ಷ ಮುಂದಕ್ಕೆ ತಳ್ಳಿ ನೋಡುವುದಕ್ಕೆ ಈ ಅನುಪಾತ ನಿಜಕ್ಕೂ ಒಳ್ಳೆಯ ಸಾಧನ. ಇದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಆ 64ರ ಮೇಲೆ. ಕೇರಳದಲ್ಲಿ ನೂರಕ್ಕೆ 64 ಜನ ದುಡಿಯುವ ವಯಸ್ಸಿನವರು ಅಂದ ತಕ್ಷಣ 64 ಜನ ದುಡಿಯುತ್ತಾರೆ ಅಂತ ಓದಿಕೊಳ್ಳುತ್ತೇವೆ. ಅದೇ 2011ರ ಜನಗಣತಿ ಕೆಲಸ ಮಾಡುವವರನ್ನೂ ಎಣಿಸಿದೆ. ಕೇರಳದಲ್ಲಿ ನೂರಕ್ಕೆ 34.8 ಜನ. ಬಿಹಾರದಲ್ಲಿ 33.4. ಹೌದು, ಹೆಚ್ಚುಕಡಿಮೆ ಒಂದೇ! ವಯಸ್ಸಿನ ಲೆಕ್ಕದಲ್ಲಿ 56 ಮತ್ತು 90ರಷ್ಟು ದೂರ ಇದ್ದ ಎರಡು ರಾಜ್ಯಗಳು, ಕೆಲಸದ ಲೆಕ್ಕಕ್ಕೆ ಬಂದಾಗ ಅಕ್ಕಪಕ್ಕದಲ್ಲಿ ನಿಂತಿವೆ. ನಿಜವಾಗಿ ದುಡಿಯುವ 100 ಜನರಿಗೆ ದುಡಿಯದವರು ಎಷ್ಟು ಅಂತ ತೆಗೆದರೆ ಕೇರಳದಲ್ಲಿ ಸುಮಾರು 187, ಬಿಹಾರದಲ್ಲಿ ಸುಮಾರು 199.

ಹೀಗ್ಯಾಕೆ? ಹೆಣ್ಣುಮಕ್ಕಳ ಅಂಕಿ ನೋಡಿ. ಕೇರಳದಲ್ಲಿ ನೂರು ಗಂಡಸರಲ್ಲಿ 52.7 ಜನ ಕೆಲಸದಲ್ಲಿದ್ದರೆ, ನೂರು ಹೆಂಗಸರಲ್ಲಿ ಕೇವಲ 18.2. ಅಷ್ಟೆಲ್ಲ ಓದಿದ ರಾಜ್ಯ! 1970ರ ದಶಕದ ನಡುವಿನಲ್ಲಿ ಅಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಗದ್ದೆ ಇತ್ತು, 2011ರ ಹೊತ್ತಿಗೆ 2 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಾಟಿ, ಕಳೆ, ಕೊಯ್ಲು ಹೆಂಗಸರ ಕೆಲಸವಾಗಿತ್ತು, ಗದ್ದೆ ಹೋದಾಗ ಅದೂ ಹೋಯ್ತು. ಓದಿದ ಹುಡುಗಿಯರಿಗೆ ಬೇಕಾದ ಕೆಲಸ ಊರ ಹತ್ತಿರ ಅಷ್ಟು ಹುಟ್ಟಲಿಲ್ಲ. ಕಾದರು, ಇನ್ನಷ್ಟು ಓದಿದರು, ಎಷ್ಟೋ ಜನ ನರ್ಸಿಂಗ್ ಕಲಿತು ಹೊರಗೆ ಹೋದರು. ಉಳಿದವರು ಮನೆಯಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುತ್ತಾರೆ. ಅದು ಬೆಳಗಿಂದ ರಾತ್ರಿವರೆಗಿನ ದುಡಿಮೆ, ಆದರೆ ಗಣತಿಯ ಪಟ್ಟಿಯಲ್ಲಿ ಅದು ಕೆಲಸ ಅಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅತ್ತೆಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಊಟ ಮಾಡಿಸುವ ಸೊಸೆ ದುಡಿಯದವರ ಸಾಲಿನಲ್ಲಿ, ಅತ್ತೆಯ ಜೊತೆಯಲ್ಲೇ!

ಇನ್ನೊಂದು ಕಡೆಯೂ ಲೆಕ್ಕ ತಪ್ಪುತ್ತದೆ. 60 ದಾಟಿದವರೆಲ್ಲ ಅವಲಂಬಿತರು ಅಂತ ಅನುಪಾತ ಹೇಳುತ್ತದೆ. ಆದರೆ 2011ರಲ್ಲಿ ನಮ್ಮ ದೇಶದ ಹಳ್ಳಿಗಳಲ್ಲಿ 60 ದಾಟಿದ ಗಂಡಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇನ್ನೂ ದುಡಿಯುತ್ತಿದ್ದರು. ಹೊಲ ಇರುವ ರೈತನಿಗೆ ರಿಟೈರ್‌ಮೆಂಟ್ ಎಲ್ಲಿಂದ ಬರಬೇಕು? ಹಾಗೆಯೇ 20 ವರ್ಷದ ಡಿಗ್ರಿ ವಿದ್ಯಾರ್ಥಿ ದುಡಿಯುವ ವಯಸ್ಸಿನವನು, ಆದರೆ ಅವನ ಫೀಸು ಕಟ್ಟುವುದು ಅಪ್ಪ.

ನಮ್ಮ ಕರ್ನಾಟಕದ್ದು ಹೇಳದಿದ್ದರೆ ಆಗಲ್ಲ. ಇಲ್ಲಿ 2011ರಲ್ಲಿ ನೂರಕ್ಕೆ 45.6 ಜನ ಕೆಲಸದಲ್ಲಿದ್ದರು. ದುಡಿಯುವ ನೂರು ಜನರಿಗೆ ದುಡಿಯದವರು ಸುಮಾರು 119 ಮಾತ್ರ. ಗಂಡಸರು 59, ಹೆಂಗಸರು 31.9. ಕೇರಳಕ್ಕಿಂತ ನಮ್ಮಲ್ಲಿ ಹೆಂಗಸರು ಎಷ್ಟು ಜಾಸ್ತಿ ದುಡಿಯುತ್ತಾರೆ ನೋಡಿ. ಅದರಲ್ಲಿ ದೊಡ್ಡ ಪಾಲು ಕೂಲಿ ಮತ್ತು ಹೊಲದ ಕೆಲಸ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ಕೆಲಸ ಸಿಕ್ಕವರನ್ನೂ ಗಣತಿ ದುಡಿಯುವವರು ಅಂತಲೇ ಸೇರಿಸುತ್ತದೆ. ಆದ್ದರಿಂದ 45.6 ಅಂತ ಬೀಗುವ ಮೊದಲು, ಅವರಲ್ಲಿ ವರ್ಷಕ್ಕೆ ಆರು ತಿಂಗಳಾದರೂ ಕೆಲಸ ಇದ್ದವರು ಎಷ್ಟು ಅಂತ ಬೇರೆ ಮಾಡಿ ನೋಡಬೇಕು. ಗಣತಿಯಲ್ಲೇ ಮುಖ್ಯ ಕೆಲಸಗಾರರು, ಅಲ್ಪಾವಧಿ ಕೆಲಸಗಾರರು ಅಂತ ಎರಡು ಕಾಲಂ ಇದೆ.

ಜಿಲ್ಲೆಗೆ ಇಳಿದರೆ ಇನ್ನೂ ಎಚ್ಚರ ಬೇಕು. ಉಡುಪಿಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಉಡುಪಿಯ ಗಂಡಸರು ಮುಂಬೈ, ಬೆಂಗಳೂರು, ಗಲ್ಫ್ ಅಂತ ಹೋಗಿದ್ದಾರೆ. ಹೆಂಗಸರ ಆಯಸ್ಸು ಜಾಸ್ತಿ ಅನ್ನುವುದೂ ಇದೆ, ಆದರೆ ಅದೊಂದರಿಂದಲೇ ಇಷ್ಟು ವ್ಯತ್ಯಾಸ ಬರುವುದಿಲ್ಲ. ಹೊರಗೆ ಹೋದವನು ಊರಿನ ಲೆಕ್ಕದಲ್ಲಿ ಇರುವುದಿಲ್ಲ, ಅವನು ಕಳಿಸುವ ದುಡ್ಡಲ್ಲಿ ಬದುಕುವ ಅಪ್ಪ ಅಮ್ಮ ಇರುತ್ತಾರೆ. ಅನುಪಾತ ಏರಿದಂತೆ ಕಾಣುತ್ತದೆ, ಮನೆಯಲ್ಲಿ ಊಟಕ್ಕೆ ತೊಂದರೆ ಇರುವುದಿಲ್ಲ. ಬೆಂಗಳೂರಿನದು ಇದರ ತದ್ವಿರುದ್ಧ. ಬೇರೆ ಜಿಲ್ಲೆಗಳು ಸಾಕಿ, ಓದಿಸಿ ಕಳಿಸಿದ ಮಕ್ಕಳಿಂದ ಅದರ ಅನುಪಾತ ಕೆಳಗಿಳಿಯುತ್ತದೆ. ಆ ಮಕ್ಕಳನ್ನು ಬೆಳೆಸಿದ ಖರ್ಚು ಯಾವ ಜಿಲ್ಲೆಯ ಖಾತೆಯಲ್ಲಿ ಬಿತ್ತು ಅನ್ನುವುದು ಈ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಹೊಸ ಗಣತಿಯ ಅಂಕಿಗಳು ಬಂದಾಗ ನಿಮ್ಮ ಜಿಲ್ಲೆಯ ಕೋಷ್ಟಕ ತೆಗೆದು ನೋಡಿ. ಮಕ್ಕಳ ಪಾಲು ಮತ್ತು ಹಿರಿಯರ ಪಾಲು ಬೇರೆ ಬೇರೆ ಮಾಡಿ. ಪಕ್ಕದಲ್ಲಿ ಕೆಲಸ ಮಾಡುವವರ ಸಂಖ್ಯೆಯನ್ನು ಗಂಡಸರು, ಹೆಂಗಸರು ಅಂತ ಬರೆಯಿರಿ. ಆಮೇಲೆ 20ರಿಂದ 39ರ ವಯಸ್ಸಿನಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ನೋಡಿ. ಅಲ್ಲಿ ಗಂಡಸರು ಎದ್ದು ಕಾಣುವಷ್ಟು ಕಡಿಮೆ ಇದ್ದರೆ, ನಿಮ್ಮ ಜಿಲ್ಲೆಯ ದುಡಿಯುವವರು ಇನ್ನೊಂದು ಊರಿನ ಕೋಷ್ಟಕದಲ್ಲಿ ಕೂತಿದ್ದಾರೆ ಅಂತ ಅರ್ಥ.