8 ಬರೆದಿದ್ದು ಗಮನ ಇಲ್ಲದೆ ಅಲ್ಲ ಅಕ್ಕ

ನಿನ್ನೆ ರಾತ್ರಿ ಹತ್ತೂವರೆಗೆ ನನ್ನ ಟ್ಯೂಷನ್‌ಗೆ ಬರೋ ಆರನೇ ಕ್ಲಾಸ್ ಹುಡುಗಿಯ ಅಮ್ಮ ಅನುಪಾತದ ವರ್ಕ್‌ಶೀಟ್ ಫೋಟೋ ತೆಗೆದು ಕಳಿಸಿದ್ರು, ಜೊತೆಗೆ "ಸರ್ ನೋಡ್ರಿ, ಒಂದೊಂದೇ ಕಮ್ಮಿ ಬರ್ದಾಳೆ, ಲೆಕ್ಕ ಗೊತ್ತು ಆದ್ರೆ ಗಮನನೇ ಇಲ್ಲ, ಮೊಬೈಲ್ ಕಿತ್ಕೊಂಡೀನಿ" ಅಂತ ಒಂದು ವಾಯ್ಸ್ ಮೆಸೇಜ್. ಅವ್ರಿಗೆ ಬರೆದ ಉತ್ತರಾನೇ ಹೆಸರು ತೆಗೆದು ಇಲ್ಲಿ ಹಾಕ್ತಿದೀನಿ, ಅವರನ್ನ ಕೇಳಿಯೇ. ಯಾಕಂದ್ರೆ ಇದೇ ತರ ಫೋಟೋ ನಂಗೆ ವರ್ಷಾ ವರ್ಷಾ ಬರುತ್ತೆ.

ಅಕ್ಕ, ಮೊದಲು ಮೊಬೈಲ್ ವಾಪಸ್ ಕೊಡಿ. ಫೋಟೋ ಝೂಮ್ ಮಾಡಿ ನೋಡಿದೆ. 2 : 5 = 4 : ? ಅನ್ನೋದಕ್ಕೆ 10, 3 : 7 = 6 : ? ಅನ್ನೋದಕ್ಕೆ 14, ಎರಡೂ ಸರಿ. ಆಮೇಲೆ 4 : 6 = 6 : ? ಬಂತು, 9 ಬರೀಬೇಕು, 8 ಬರ್ದಾಳೆ. 6 : 9 = 8 : ? ಅಲ್ಲಿ 12 ಬದ್ಲು 11. 10 : 15 = 12 : ? ಅಲ್ಲಿ 18 ಬದ್ಲು 17. ನಿಮಗೆ ಇವೆಲ್ಲ ಎಣಿಸೋದ್ರಲ್ಲಿ ತಪ್ಪಿದ್ದು ಅನ್ಸಿದ್ದು ಸಹಜ, ಎಲ್ಲಾ ಕಡೆ ಒಂದೇ ತಾನೇ ಕಮ್ಮಿ. ಆದ್ರೆ ಕೊನೇದು ನೋಡಿ, 4 : 6 = 10 : ? ಅಲ್ಲಿ 15 ಬರಬೇಕು, ಇವ್ಳು 12 ಬರ್ದಾಳೆ. ಇಲ್ಲಿ ಮೂರು ಕಮ್ಮಿ. ಗಮನ ತಪ್ಪಿದ್ರೆ ಉತ್ತರ ದಿಕ್ಕಾಪಾಲು ಇರುತ್ತೆ, ಒಂದು ಕಮ್ಮಿ ಒಂದು ಜಾಸ್ತಿ. ಇವಳದ್ದು ಹಂಗಿಲ್ಲ, ಎಲ್ಲಾ ಒಂದೇ ನಿಯಮದಲ್ಲಿ ಬಂದಿವೆ.

ಆ ನಿಯಮ ಶೀಟ್‌ನ ಎಡ ಅಂಚಲ್ಲಿ ಅರ್ಧ ಅಳಿಸಿದ ಪೆನ್ಸಿಲ್‌ನಲ್ಲಿ ಕಾಣ್ತು: 6 − 4 = 2. 4 ಹೋಗಿ 6 ಆಗಿದೆ, ಅಂದ್ರೆ 2 ಸೇರಿದೆ, ಹಂಗಾಗಿ 6ಕ್ಕೂ 2 ಸೇರಿಸು, 8. 4 ಹೋಗಿ 10 ಆದ್ರೆ 6 ಸೇರಿದೆ, ಹಂಗಾಗಿ 6ಕ್ಕೂ 6 ಸೇರಿಸು, 12. ಕೂಡೋದು ಕಳೆಯೋದು ಒಂದೂ ತಪ್ಪಿಲ್ಲ, ಕೂಡೋ ಜಾಗನೇ ಅದಲ್ಲ ಅಷ್ಟೇ. (ದಯವಿಟ್ಟು ರಫ್ ವರ್ಕ್ ಅಳಿಸೋಕೆ ಹೇಳ್ಬೇಡಿ, ನಂಗೆ ಉತ್ತರಕ್ಕಿಂತ ಅದೇ ಬೇಕು.)

ಮತ್ತೆ ಮೊದಲೆರಡು ಹೆಂಗೆ ಸರಿ ಬಂದ್ವು? ಅವು ಡಬಲ್ ಲೆಕ್ಕ. ಡಬಲ್ ಅನ್ನೋದು ಮಕ್ಕಳ ಕಣ್ಣಿಗೆ ತಾನೇ ಬೀಳುತ್ತೆ. 4ರಿಂದ 6 ಅಂದ್ರೆ ಒಂದೂವರೆ ಪಟ್ಟು, ಅದು ಕಣ್ಣಿಗೆ ಬೀಳಲ್ಲ, ಆಗ ಮಗು ಕೂಡೋಕೆ ಇಳಿಯುತ್ತೆ. ಇದು ನಿಮ್ಮ ಮಗಳೊಬ್ಬಳ ಕಥೆ ಅಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ರಾಬರ್ಟ್ ಕಾರ್ಪ್ಲಸ್ ಅಂತ ಒಬ್ರು ಫಿಸಿಕ್ಸ್ ಮೇಷ್ಟ್ರು ಇದ್ರು, ಅವರು ಮಕ್ಕಳಿಗೆ ಕುಳ್ಳ ಉದ್ದ ಇಬ್ಬರ ಚಿತ್ರದ ಲೆಕ್ಕ ಕೊಡ್ತಿದ್ರು. ಕುಳ್ಳನ ಎತ್ತರ ಅಂಗಿ ಗುಂಡಿ ಜೋಡಿಸಿ ಅಳೆದ್ರೆ 4 ಗುಂಡಿ, ಪೇಪರ್ ಕ್ಲಿಪ್‌ನಲ್ಲಿ ಅಳೆದ್ರೆ 6, ಉದ್ದದವನು 6 ಗುಂಡಿ, ಹಂಗಾದ್ರೆ ಎಷ್ಟು ಕ್ಲಿಪ್? ಅಲ್ಲೂ ಎಷ್ಟೋ ಮಕ್ಕಳು 8 ಅಂತಲೇ ಹೇಳಿದ್ರು. ಅದೇ ಅಂಕಿ, ಅದೇ ತಪ್ಪು.

ಇನ್ನೊಂದು ಮಾತು, ಇವಳ ನಿಯಮ ಸುಳ್ಳಲ್ಲ. ತಮ್ಮಂಗೆ 4 ವರ್ಷ, ಅಕ್ಕಂಗೆ 6. ತಮ್ಮಂಗೆ 6 ಆದಾಗ ಅಕ್ಕಂಗೆ ಎಷ್ಟು? 8ಏ. ವಯಸ್ಸಿನ ಲೆಕ್ಕದಲ್ಲಿ ವ್ಯತ್ಯಾಸ ಹಂಗೇ ಉಳಿಯುತ್ತೆ. ಅನುಪಾತದಲ್ಲಿ ಉಳಿಯೋದು ವ್ಯತ್ಯಾಸ ಅಲ್ಲ, ಪಟ್ಟು. ಈ ಎರಡನ್ನ ಬೇರೆ ಮಾಡೋದನ್ನ ಯಾರೂ ಅವಳಿಗೆ ಹೇಳಿಲ್ಲ, ನಾನೂ ಹೇಳಿರ್ಲಿಲ್ಲ, ನೇರ ಅಡ್ಡ ಗುಣಾಕಾರಕ್ಕೆ ಹೋಗಿದ್ದೆ.

ಹಂಗಾಗಿ ನೀವು ಅಡ್ಡ ಗುಣಾಕಾರ ಬಾಯಿಪಾಠ ಮಾಡಿಸ್ಬೇಡಿ. ಉತ್ತರ 9 ಬರುತ್ತೆ, ತಲೆಯೊಳಗಿನ 8 ಅಲ್ಲೇ ಇರುತ್ತೆ, ಬೇರೆ ತರ ಪ್ರಶ್ನೆ ಬಂದ್ರೆ ಮತ್ತೆ ಎದ್ದು ಬರುತ್ತೆ. ಬದ್ಲಿಗೆ ಸಂಜೆ ಮಂಡಕ್ಕಿ ಮಿರ್ಚಿ ಮಾಡಿದಾಗ ಕೇಳಿ: 4 ಜನಕ್ಕೆ 6 ಮಿರ್ಚಿ, ಎಲ್ಲರಿಗೂ ಸಮ. ಇನ್ನಿಬ್ಬರು ಬಂದ್ರು, ಅವರಿಗೂ ಅಷ್ಟೇ ಸಿಗಬೇಕು, ಒಟ್ಟು ಎಷ್ಟು ಕರೀಬೇಕು? 8 ಅಂದ್ರೆ ಬೈಬೇಡಿ, ತಟ್ಟೆಗೆ ಹಂಚೋಕೆ ಹೇಳಿ. ಮೊದಲ ನಾಲ್ವರಿಗೆ ಒಂದೂವರೆ, ಆಮೇಲೆ ಬಂದೋರಿಗೆ ಒಂದೊಂದೇ, ನಮ್ಮ ದಾವಣಗೆರೆಲಿ ಮನೆಗೆ ಬಂದೋರಿಗೆ ಹಿಂಗೆ ಮಾಡಿದ್ರೆ ಆಯ್ತು ಕಥೆ! ಆಮೇಲೆ ಮೂರು ಸಾಲು ಬರೆಸಿ: 4ಕ್ಕೆ 6, ಅದರ ಅರ್ಧ 2ಕ್ಕೆ 3, ಅದರ ಮೂರು ಪಟ್ಟು 6ಕ್ಕೆ 9. ಮೊದಲು ಇಳಿಸು, ಆಮೇಲೆ ಏರಿಸು. ಡಬಲ್ ಬರೋ ಮಗುಗೆ ಅರ್ಧಾನೂ ಬರುತ್ತೆ.

ಅರ್ಥ ಆಗಿದೆಯೋ ಇಲ್ವೋ ನೋಡೋಕೆ ಅದೇ ಶೀಟ್ ಮತ್ತೆ ಮಾಡಿಸ್ಬೇಡಿ, ಉತ್ತರ ನೆನಪಿರುತ್ತೆ. ವಯಸ್ಸಿನ ಲೆಕ್ಕ ಒಂದು, ಮಿರ್ಚಿ ಲೆಕ್ಕ ಒಂದು, ಎರಡಕ್ಕೂ 4, 6, 10 ಅದೇ ಅಂಕಿ ಹಾಕಿ ಪಕ್ಕಪಕ್ಕ ಕೊಡಿ. ಒಂದಕ್ಕೆ 12, ಇನ್ನೊಂದಕ್ಕೆ 15 ಬರೆದು, ಯಾಕೆ ಬೇರೆ ಅಂತ ಅವಳೇ ಹೇಳಿದ್ರೆ ಮುಂದಿನ ಪಾಠಕ್ಕೆ ಹೋಗೋಣ. ಎರಡಕ್ಕೂ 12 ಬಂದ್ರೆ ಸೋಮವಾರ ಅರ್ಧ ಗಂಟೆ ಮುಂಚೆ ಕಳಿಸಿ, ಎರಡಕ್ಕೂ 15 ಬಂದ್ರೂ ಕಳಿಸಿ. ಮತ್ತೆ ಫೋಟೋ ತೆಗೆಯುವಾಗ ಅಂಚು ಕಟ್ ಮಾಡ್ಬೇಡಿ ಅಕ್ಕ.