ಮೂರು ಸುತ್ತು, ಎರಡು ವಾರ

"ಒಟ್ಟು ಮೂರು ಸುತ್ತಿನ ಸಂದರ್ಶನ, ಎರಡು ವಾರದಲ್ಲಿ ಮುಗಿಯುತ್ತದೆ." ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಬದಿಯಡ್ಕದ ಹತ್ತಿರ ಮನೆಯ ಚಾವಡಿಯಲ್ಲಿ ಕೂತು ಈ ಸಾಲನ್ನು ಎಷ್ಟು ಜನರಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಎರಡು ವಾರ ನಾಲ್ಕಾದರೆ ಯಾರೂ ಮನೆಗೆ ಬಂದು ಕೇಳುತ್ತಿರಲಿಲ್ಲ.

ಕಳೆದ ಜೂನ್‌ನಲ್ಲಿ ಕೇಳಿದರು. ಬೆಂಗಳೂರಿನ ಹುಡುಗ ಅಂದುಕೊಂಡು ಸಂದೇಶ ಕಳಿಸಿದ್ದೆ, ನೋಡಿದರೆ ನಮ್ಮದೇ ಕಡೆಯ ಪೆರ್ಲದವನು. ಅವನ ಅಪ್ಪ ನಮಗೆ ದೂರದ ಸಂಬಂಧದಲ್ಲಿ ಮಾವ. ಒಂದು ಉಪನಯನದ ಊಟದ ಪಂಕ್ತಿಯಲ್ಲಿ ನನ್ನ ಅಪ್ಪನ ಪಕ್ಕ ಕೂತವರು ಪಾಯಸ ಬರುವ ಮೊದಲೇ ವಿಷಯ ತಿಳಿದುಕೊಂಡರು. ಹದಿನೈದನೆಯ ದಿನ ಬೆಳಗ್ಗೆ ಏಳಕ್ಕೆ ಫೋನ್.

"ಕೂಸೇ, ಎರಡು ವಾರ ಆಯ್ತಲ್ವಾ?"

"ಅದನ್ನೆಲ್ಲ ನಾನು ಹೇಳುವ ಹಾಗಿಲ್ಲ ಮಾವ, ಮಗನನ್ನೇ ಕೇಳಿ."

"ಅವನು ನಿನ್ನನ್ನು ಕೇಳು ಅಂದ."

ಆಗ ನಾನೂ ಕ್ಯಾಲೆಂಡರ್ ತೆಗೆದೆ. ಸಂದೇಶ ಕಳಿಸಿದ್ದು ಸೋಮವಾರ. ಬುಧವಾರ ನಾನೇ ಅರ್ಧ ಗಂಟೆ ಮಾತಾಡಿದೆ. ಶುಕ್ರವಾರ ತೊಂಬತ್ತು ನಿಮಿಷದ ಕೋಡಿಂಗ್ ಪರೀಕ್ಷೆಯ ಲಿಂಕ್ ಕಳಿಸಿದೆ, ಅವನು ಭಾನುವಾರ ಬರೆದ, ಫಲಿತಾಂಶ ಮಂಗಳವಾರ ಬಂತು. ಗುರುವಾರ, ಅಂದರೆ ಹತ್ತು ದಿನ ಕಳೆದ ಮೇಲೆ, ಮೊದಲನೇ ಸುತ್ತು! ನಮ್ಮ ಲೆಕ್ಕದಲ್ಲಿ ಅಲ್ಲಿಯವರೆಗೆ ಆದದ್ದು ಯಾವುದೂ ಸುತ್ತೇ ಅಲ್ಲ. ನನ್ನ ಫೋನ್ 'ಪರಿಚಯ', ಪರೀಕ್ಷೆ 'ಶೋಧನೆ'. ಎರಡರಲ್ಲಿ ಯಾವುದರಲ್ಲಿ ಬಿದ್ದರೂ ಆಟ ಮುಗಿಯಿತು, ಆದರೂ ಸುತ್ತಲ್ಲ. ಮೂರೂ ಮುಗಿದ ಮೇಲೆ ಸಂಬಳದ ಮಾತುಕತೆ ಇದೆ, ಅದೂ 'ಸುಮ್ನೆ ಮಾತು'. ಮಾವನ ಹಾಗೆ ಬೆರಳು ಮಡಚಿ ಎಣಿಸಿದರೆ ಆರು.

ಎರಡು ವಾರ ಎಲ್ಲಿಂದ ಬಂತು? ಆ ತಂಡದ ಮ್ಯಾನೇಜರ್ ಹೇಳಿದ್ದು. ಪ್ರಶ್ನೆ ಕೇಳುವ ಎಂಜಿನಿಯರುಗಳೆಲ್ಲ ಬಿಡುವಾಗಿದ್ದರೆ, ಸಂದರ್ಶನ ಮಾಡಿದವರು ಅಭಿಪ್ರಾಯವನ್ನು ಅದೇ ದಿನ ಬರೆದುಕೊಟ್ಟರೆ ಎಂಬ ಲೆಕ್ಕ ಅದು. ಅದೂ ಮೊದಲನೇ ಸುತ್ತಿನಿಂದ ಶುರು, ಶನಿವಾರ ಭಾನುವಾರ ಬಿಟ್ಟು. ಓದುವವನು ಮಾತ್ರ ಓದಿದ ದಿನದಿಂದಲೇ ಎಣಿಸುತ್ತಾನೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 'ಆರು ಹಂತ, ಐದು ವಾರ' ಅಂತ ಬರೆದರೆ ಉತ್ತರ ಕಡಿಮೆ ಬರುತ್ತದೆ ಎಂಬ ಹೆದರಿಕೆ, ಅಷ್ಟೇ.

ಎರಡನೇ ಸುತ್ತಿನ ಎಂಜಿನಿಯರ್ ರಜೆಯಲ್ಲಿದ್ದ, ಸಂದೇಶ ಕಳಿಸಿ ಹದಿನಾರು ದಿನಕ್ಕೆ ಸಿಕ್ಕಿದ. ಮೂರನೇ ಸುತ್ತಿಗೆ ಮ್ಯಾನೇಜರ್ ಸಿಕ್ಕಿದ್ದು ಇಪ್ಪತ್ತೆರಡಕ್ಕೆ. ಸಂಬಳದ ಮಾತು ಇಪ್ಪತ್ತೈದಕ್ಕೆ. ಹುಡುಗ ಎಲ್ಲದರಲ್ಲೂ ಪಾಸು. ಇನ್ನು ಆಫರ್ ಪತ್ರ ಒಂದೇ ಬಾಕಿ ಅಂದುಕೊಂಡರೆ, ಅದಕ್ಕೆ ಮೇಲಿನವರ ಒಪ್ಪಿಗೆ, ಹಣಕಾಸಿನವರ ಒಪ್ಪಿಗೆ. ಈ ಹಂತವನ್ನು ಯಾರೂ ಯಾವ ಸಂದೇಶದಲ್ಲೂ ಬರೆಯುವುದಿಲ್ಲ. ಜಾಸ್ತಿ ದಿನ ತಿನ್ನುವುದೂ ಇದೇ.

ಮಾವ ಈ ನಡುವೆ ಮನೆಗೇ ಬಂದರು. ಹೊರಗೆ ಜಡಿಮಳೆ. ಅವರ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡುವವನೂ ಬಂದಿರಲಿಲ್ಲವಂತೆ.

"ಅವನು 'ಮಳೆ ಬಿಟ್ಟರೆ ನಾಳೆ ಬರ್ತೇನೆ' ಅಂತ ಹೇಳಿದ್ದಾನೆ. ಮಳೆ ಬಿಡಲಿಲ್ಲ, ಅವನು ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ ಕೂಸೇ. ನಿನ್ನ ಸಂದೇಶದಲ್ಲಿ 'ಮಳೆ ಬಿಟ್ಟರೆ' ಅಂತ ಇತ್ತಾ?"

ಅಮ್ಮ ಒಳಗಿನಿಂದ ಚಹಾ ತಂದದ್ದರಿಂದ ಬಚಾವಾದೆ.

ಅಷ್ಟರಲ್ಲಿ ಹುಡುಗನಿಗೆ ಬೇರೆ ಕಡೆಯಿಂದ ಪತ್ರ ಬಂತು, ಐದು ದಿನದೊಳಗೆ ಉತ್ತರಿಸಬೇಕು. "ಈ ವಾರ ನಿಮ್ಮದು ಬರುತ್ತದಾ?" ಅಂತ ಕೇಳಿದ. ಈ ಸಲ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಗೊತ್ತಿಲ್ಲ" ಅಂದೆ. ಶುಕ್ರವಾರ ಅವನು ಅವರಿಗೆ ಒಪ್ಪಿಕೊಂಡ. ಸೋಮವಾರ, ಸರಿಯಾಗಿ ಐದು ವಾರಕ್ಕೆ, ನಮ್ಮ ಪತ್ರ ತಯಾರಾಯಿತು.

ಈಗ ನನ್ನ ಮೊದಲ ಸಂದೇಶ ಹೀಗಿದೆ: "ನನ್ನ ಜೊತೆ ಅರ್ಧ ಗಂಟೆಯ ಮಾತು, ಆಮೇಲೆ ಒಂದೂವರೆ ಗಂಟೆಯ ಪರೀಕ್ಷೆ. ಪಾಸಾದರೆ ಒಂದೊಂದು ಗಂಟೆಯ ಮೂರು ಸಂದರ್ಶನ, ಕೊನೆಗೆ ಸಂಬಳದ ಮಾತು. ಇಂದಿನಿಂದ ಸುಮಾರು ನಾಲ್ಕು ವಾರ. ಒಪ್ಪಿಗೆ ಸಿಗುವುದು ತಡವಾದರೆ ಇನ್ನೊಂದು ವಾರ ಜಾಸ್ತಿ. ಬೇರೆ ಆಫರ್ ಇದ್ದರೆ ಅದರ ಕೊನೆಯ ದಿನ ಈಗಲೇ ತಿಳಿಸಿ." ಉತ್ತರ ಸ್ವಲ್ಪ ಕಡಿಮೆಯಾದಂತೆ ಕಾಣುತ್ತದೆ, ಬೆಳಗ್ಗೆ ಏಳರ ಫೋನ್ ಮಾತ್ರ ನಿಂತಿದೆ.

ಮೊನ್ನೆ ಕುಂಬಳೆಯ ಒಂದು ಮದುವೆಯಲ್ಲಿ ಮಾವ ಸಿಕ್ಕಿದರು. ಸಮಾಧಾನವಾಗಲಿ ಅಂತ ಹೊಸ ಸಂದೇಶ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತಲೆದೂಗಿದರು.

"ಒಳ್ಳೆದಾಯ್ತು ಕೂಸೇ. ಈ 'ಸುಮಾರು' ಅಂದ್ರೆ ಎಷ್ಟು ದಿನ?"